ಹೇಳಿದೆಯೋ, ಹೇಳದೆಯೋ

ಅವಳ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಬೀದಿಗೆಲ್ಲ ಅವಳು ದೀರ್ಘಮ್ಮ. ಮದುವೆ ಕಾಗದವಾಗಲಿ, ಮನೆ ಬಾಡಿಗೆಗಿದೆ ಅನ್ನೋ ಬೋರ್ಡಾಗಲಿ, ಕಣ್ಣಿಗೆ ಬಿದ್ದ ಕೂಡಲೇ "ಇದರ ದೀರ್ಘ ಎಲ್ಲಿ ಹೋಯ್ತು?" ಅಂತ ಕೇಳುವುದು ಅವಳ ಹಳೇ ಚಾಳಿ. ಹಿಂದಿನಿಂದ ಆಡಿಕೊಂಡವರು ಇಟ್ಟ ಹೆಸರು ಅದು. ಅವಳ ಕಿವಿಗೆ ಬಿದ್ದಾಗ, "ಇರಲಿ ಬಿಡಿ, ಹೆಸರಲ್ಲಾದರೂ ದೀರ್ಘ ಇದೆಯಲ್ಲ" ಅಂದುಬಿಟ್ಟಳು. ಆಡಿಕೊಂಡವರಿಗೆ ರುಚಿ ಹೋಯಿತು, ಹೆಸರು ಮಾತ್ರ ಉಳಿಯಿತು.

ಏಳನೇ ಕ್ಲಾಸು ಮುಗಿಸಿ ಹದಿನಾರನೇ ವಯಸ್ಸಿಗೆ ಅಚ್ಚಿನ ಮನೆ ಸೇರಿದವಳು. ಮೊದಲು ಸೀಸದ ಮೊಳೆಗಳನ್ನು ಆರಿಸಿ ಖಾನೆಗೆ ಹಾಕುವ ಕೆಲಸ, ಆಮೇಲೆ ಜೋಡಿಸುವ ಕೆಲಸ. ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾದ ಅಕ್ಷರಗಳನ್ನು ಬೆರಳ ತುದಿಯಿಂದ ಗುರುತಿಸುವುದು ಕಲಿತಳು. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ಜೊತೆಯವರೆಲ್ಲ ಬೇರೆ ದಾರಿ ನೋಡಿಕೊಂಡರು. ಇವಳು ಕೆಂಪು ಪೆನ್ಸಿಲ್ ಹಿಡಿದು ಕರಡು ತಿದ್ದಲು ಕೂತಳು. ಗಂಡ ತೀರಿಕೊಂಡ, ಮಗಳು ಮದುವೆಯಾಗಿ ಹೋದಳು, ಅಚ್ಚಿನ ಮನೆಗೆ ಬೀಗ ಬಿತ್ತು. ಪೆನ್ಸಿಲ್ ಕೈ ಬಿಡಲಿಲ್ಲ. ಈಗ ದೊಡ್ಡಾಸ್ಪತ್ರೆಯ ಎದುರುಗಡೆ ಒಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯಲ್ಲಿ ಕಿಟಕಿ ಪಕ್ಕದ ಮೇಜು ಅವಳದು. ಅಂಗಡಿಯವನು ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, "ಅಕ್ಕ" ಅನ್ನುತ್ತಿದ್ದ. ಒಳ್ಳೆಯವನೇ, ಆದರೆ ಸ್ವಲ್ಪ ಪುಕ್ಕಲ.

ದೀರ್ಘಮ್ಮನಿಗೆ ಒಂದು ಹಳೇ ಗಾಯವಿತ್ತು. ಅಚ್ಚಿನ ಮನೆಯಲ್ಲಿದ್ದಾಗ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಪತ್ರಿಕೆಗೆ ಕಾಗದ ಬರೆದಿದ್ದಳು. ದೀರ್ಘಮ್ಮ ಅದನ್ನು ತಿದ್ದಿ, ತೀಡಿ, ಚಂದದ ಮಾತು ಸೇರಿಸಿ ಹೊಳೆಯುವ ಹಾಗೆ ಮಾಡಿದಳು. ಎಲ್ಲರೂ ಹೊಗಳಿದರು. ಆ ಹೆಂಗಸು ಮಾತ್ರ ಅಚ್ಚಾದದ್ದನ್ನು ಓದಿ, "ಇದು ಯಾರದೋ ಕಾಗದ ಇದ್ದ ಹಾಗಿದೆ, ನಂದು ಎಲ್ಲಿ?" ಅಂತ ಕೇಳಿದಳು. ಅವತ್ತಿನಿಂದ ದೀರ್ಘಮ್ಮ ಕಾಗುಣಿತ ಮುಟ್ಟುತ್ತಿದ್ದಳು, ಮಾತನ್ನು ಮುಟ್ಟುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಡುಗಿ ಅಂಗಡಿಗೆ ಬಂದಳು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸು. ಬಲಗೈ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಎಡಗೈಯಲ್ಲಿ ಫೋನು.

"ಅಮ್ಮ, ಇದನ್ನ ಕನ್ನಡ ಅಕ್ಷರಕ್ಕೆ ಹಾಕಿ ಕೊಡ್ತೀರಾ? ನಮ್ಮ ಕೆಲಸದವರ ಫೋನ್ ಗುಂಪಲ್ಲಿ ಹಾಕಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದೀನಿ ಅಂತ ಎಲ್ಲರೂ ನಗ್ತಿದಾರೆ. ಈ ಕೈ ಸುಟ್ಟಿದ್ದರ ಬಗ್ಗೆ ಗುರುವಾರ ಆಸ್ಪತ್ರೇಲಿ ವಿಚಾರಣೆ ಇದೆ, ಅಲ್ಲಿ ಓದೋ ಹಾಗೆ ಇರಬೇಕು."

"ಫೋನಲ್ಲೇ ಕನ್ನಡ ಬರುತ್ತಲ್ಲಮ್ಮ?"

"ಅದಕ್ಕೂ ಹಾಕಿ ನೋಡಿದೆ. ಅದು ಏನೇನೋ ಮಾಡ್ತು."

ತೋರಿಸಿದಳು. ಫೋನು 'ನಾಳೆ'ಯನ್ನು 'ನಲೆ' ಮಾಡಿತ್ತು, 'ಸುಡುತ್ತೆ'ಯನ್ನು 'ಸುದುತೆ' ಮಾಡಿತ್ತು. ದೀರ್ಘಮ್ಮ ಅದನ್ನು ಪಕ್ಕಕ್ಕೆ ಸರಿಸಿ, ಮೊದಲು ಬರೆದದ್ದನ್ನೇ ಕೇಳಿ ತರಿಸಿಕೊಂಡು ಒಂದು ಹಾಳೆಯಲ್ಲಿ ಇದ್ದ ಹಾಗೇ ಅಚ್ಚು ತೆಗೆದಳು.

ella akka thangirige namaskara nanu laundry li 6 varsha dinda kelsa madtidini 1 dinanu raje kelade hogilla boiler hatra iro valve 2 vara dinda soratittu mangalvara beligge nanu supervisorge helde valve muttide kai sutoytu avru nodana andru aste iga nande tappu anta helta idare nija helade bittre nale innobbar kai sudute nan bayge biga hakolla

ಒಂದು ಚುಕ್ಕಿಯಿಲ್ಲ, ಒಂದು ಅಲ್ಪವಿರಾಮವಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಎಡಗೈ ಹೆಬ್ಬೆರಳಲ್ಲಿ ಒತ್ತಿದ್ದು.

ದೀರ್ಘಮ್ಮನ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಕಣ್ಣಲ್ಲಿ ಓದುತ್ತಿರಲಿಲ್ಲ, ಬಾಯಲ್ಲಿ ಓದುತ್ತಿದ್ದಳು. ಇಂಗ್ಲಿಷ್ ಅಕ್ಷರಕ್ಕೆ ಹ್ರಸ್ವ ದೀರ್ಘ ಗೊತ್ತಿಲ್ಲ, ಲಕಾರ ಳಕಾರ ಗೊತ್ತಿಲ್ಲ, ಒತ್ತು ಇರುವ ಕಡೆ ಇರುವುದಿಲ್ಲ. ಕಣ್ಣಿಗೆ ಕಾಣದ್ದು ಕಿವಿಗೆ ಕೇಳಿಸುತ್ತದೆ. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಚುಕ್ಕಿ. ಎರಡು ಥರ ಓದಬಹುದಾದ ಮಾತಿನ ಕೆಳಗೆ ಗೆರೆ, ಆ ಗೆರೆಯನ್ನು ಬರೆದವರ ಹತ್ತಿರವೇ ಬಿಡಿಸಿಕೊಳ್ಳಬೇಕು. ತಾನಾಗಿ ಊಹಿಸಬಾರದು.

"ಈ 'ಬೀಗ' ಯಾವುದಮ್ಮ, ಬಾಗಿಲ ಬೀಗವೋ, ಮಗಳ ಮಾವನೋ?"

ಹುಡುಗಿ ಬಂದಾಗಿನಿಂದ ಮೊದಲ ಸಲ ನಕ್ಕಳು. "ಬಾಗಿಲಿಂದೇ ಅಮ್ಮ. ಬಾಯಿಗೆ ಬೀಗ ಹಾಕ್ಕೊಳಲ್ಲ ಅಂತ."

ದೀರ್ಘಮ್ಮನ ಪೆನ್ಸಿಲ್ ಮುಂದೆ ಹೋಗಿ ಒಂದು ಕಡೆ ನಿಂತಿತು. nanu supervisorge helde valve muttide. ಬಾಯಲ್ಲಿ ಹೇಳಿದಳು. ಇನ್ನೊಂದು ಸಲ, ಬೇರೆ ಕಡೆ ಉಸಿರು ನಿಲ್ಲಿಸಿ ಹೇಳಿದಳು.

"ಸರಿಯಾಗಿ ಹೇಳು ಮಗಳೇ. ಸೂಪರ್‌ವೈಸರ್‌ಗೆ ಹೇಳಿದೆ, ಆಮೇಲೆ ವಾಲ್ವ್ ಮುಟ್ಟಿದೆ ಅಂತಲೋ? ಇಲ್ಲಾ ಅವರಿಗೆ ಹೇಳದೆ ಮುಟ್ಟಿದೆ ಅಂತಲೋ?"

"ಅಯ್ಯೋ, ಹೇಳಿದೆ ಅಮ್ಮ. ಎರಡು ವಾರದಿಂದ ಹೇಳಿದೀನಿ. ಅವತ್ತೂ ಹೇಳಿದೆ. ನೋಡೋಣ ಅಂತ ಹೋದ್ರು. ಆವಿ ನುಗ್ತಾ ಇತ್ತು, ಒಳಗಿನ ಹಾಸಿಗೆ ಬಟ್ಟೆ ತೆಗೀಬೇಕಲ್ಲ, ತಿರುಗಿಸಿ ನಿಲ್ಲಿಸೋಣ ಅಂತ ಕೈ ಹಾಕಿದೆ."

ದೀರ್ಘಮ್ಮ ತಿದ್ದಿ ಬರೆದದ್ದು ಇಷ್ಟು: "ಎಲ್ಲ ಅಕ್ಕತಂಗಿಯರಿಗೆ ನಮಸ್ಕಾರ. ನಾನು ಲಾಂಡ್ರಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೀನಿ. ಒಂದು ದಿನವೂ ರಜೆ ಕೇಳದೆ ಹೋಗಿಲ್ಲ. ಬಾಯ್ಲರ್ ಹತ್ತಿರ ಇರುವ ವಾಲ್ವ್ ಎರಡು ವಾರದಿಂದ ಸೋರುತ್ತಿತ್ತು. ಮಂಗಳವಾರ ಬೆಳಿಗ್ಗೆ ನಾನು ಸೂಪರ್‌ವೈಸರ್‌ಗೆ ಹೇಳಿದೆ. ವಾಲ್ವ್ ಮುಟ್ಟಿದೆ, ಕೈ ಸುಟ್ಟುಹೋಯಿತು. ಅವರು ನೋಡೋಣ ಅಂದರು, ಅಷ್ಟೇ. ಈಗ ನನ್ನದೇ ತಪ್ಪು ಅಂತ ಹೇಳುತ್ತಾ ಇದ್ದಾರೆ. ನಿಜ ಹೇಳದೆ ಬಿಟ್ಟರೆ ನಾಳೆ ಇನ್ನೊಬ್ಬರ ಕೈ ಸುಡುತ್ತೆ. ನನ್ನ ಬಾಯಿಗೆ ಬೀಗ ಹಾಕ್ಕೊಳ್ಳಲ್ಲ."

ಹುಡುಗಿ ಓದಿಕೊಂಡಳು. "ನಾನೇ ಮಾತಾಡಿದ ಹಾಗಿದೆ" ಅಂದಳು. ದೀರ್ಘಮ್ಮನಿಗೆ ಅದಕ್ಕಿಂತ ಬೇರೆ ಸರ್ಟಿಫಿಕೇಟು ಬೇಕಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಆಸ್ಪತ್ರೆಯ ಆಡಳಿತ ಕಚೇರಿಯ ಗುಮಾಸ್ತ ಬಂದ. ಆಸ್ಪತ್ರೆಯ ಫಾರಂ, ರಸೀತಿ ಪುಸ್ತಕ, ಚೀಟಿಗಳೆಲ್ಲ ಈ ಅಂಗಡಿಯಲ್ಲೇ ಅಚ್ಚಾಗುತ್ತಿದ್ದದ್ದರಿಂದ ಅಂಗಡಿಯವನು ಕುರ್ಚಿ ಬಿಟ್ಟು ಎದ್ದ. ಗುಮಾಸ್ತ ಒಂದು ಹಾಳೆ ಇಟ್ಟ.

"ಇದನ್ನ ನೀಟಾಗಿ ಟೈಪ್ ಮಾಡಿಕೊಡಿ. ಸರಾಗವಾಗಿ ಓದೋ ಹಾಗಿರಬೇಕು. ಕೆಳಗೆ 'ಮೂಲಕ್ಕೆ ಸರಿಯಾಗಿದೆ' ಅಂತ ತಿದ್ದಿದವರ ಸಹಿ ಬೇಕು. ನಮ್ಮಲ್ಲಿ ಕನ್ನಡ ತಿದ್ದೋರು ಯಾರೂ ಇಲ್ಲ, ಅಮ್ಮನವರ ಹೆಸರು ಎಲ್ಲರಿಗೂ ಗೊತ್ತು."

ದೀರ್ಘಮ್ಮ ಕನ್ನಡಕ ಏರಿಸಿ ಓದಿದಳು. ಅದೇ ಪೋಸ್ಟು. ಗುಮಾಸ್ತನ ಕೈಬರಹದಲ್ಲಿ ಕನ್ನಡಕ್ಕೆ ಇಳಿದಿತ್ತು. "ಮಂಗಳವಾರ ಬೆಳಿಗ್ಗೆ ನಾನು ಸೂಪರ್‌ವೈಸರ್‌ಗೆ ಹೇಳದೆ ವಾಲ್ವ್ ಮುಟ್ಟಿದೆ. ಕೈ ಸುಟ್ಟುಹೋಯಿತು. ಅವರು ನೋಡೋಣ ಅಂದರು." ಅಲ್ಲಿಗೆ ಮುಗಿದಿತ್ತು. ಕೊನೆಯ ಮೂರು ವಾಕ್ಯ ಇರಲೇ ಇಲ್ಲ.

"ಕೊನೆಯದೆಲ್ಲ ಎಲ್ಲಿ ಹೋಯ್ತಪ್ಪ?"

"ಅದು ವಿಷಯಕ್ಕೆ ಸಂಬಂಧ ಇಲ್ಲದ್ದು. ಸುಮ್ಮನೆ ಬಡಬಡಿಸಿರೋದು."

"ಮತ್ತೆ ಇದು 'ಹೇಳದೆ' ಅಲ್ಲ, 'ಹೇಳಿದೆ'."

"helde ಅಂತಿದೆ ನೋಡಿ. ಹೇಳ್ದೆ. ಅಂದ್ರೆ ಹೇಳದೆ. ಅವಳೇ ಒಪ್ಪಿಕೊಂಡಿದಾಳೆ, ಇಡೀ ಗುಂಪು ಓದಿದೆ. ನಾವೇನು ಸೇರಿಸಿಲ್ಲವಲ್ಲ?"

"ಸೇರಿಸಿಲ್ಲ, ಚುಕ್ಕಿ ನುಂಗಿದೀರಿ" ಅಂದಳು ದೀರ್ಘಮ್ಮ. "ನಾನು ಸಹಿ ಹಾಕಲ್ಲ."

ಗುಮಾಸ್ತ ಅಂಗಡಿಯವನ ಮುಖ ನೋಡಿದ. ಸಂಜೆಯೊಳಗೆ ಬೇಕು ಅಂತ ಹೇಳಿ, ಹಾಳೆ ಅಲ್ಲೇ ಬಿಟ್ಟು ಹೋದ.

ಅಂಗಡಿಯವನು ಬಾಗಿಲು ಅರ್ಧ ಎಳೆದು ಬಂದ. "ಅಕ್ಕ, ಒಂದಕ್ಷರದ ಮಾತು. ಅವರು ಬರೆದುಕೊಂಡು ಬಂದದ್ದನ್ನ ಟೈಪ್ ಮಾಡಿ ಕೊಡೋದು ತಾನೇ ನಮ್ಮ ಕೆಲಸ? ನ್ಯಾಯ ಹೇಳೋಕೆ ನಾವ್ಯಾರು? ಆಸ್ಪತ್ರೆ ಕೆಲಸ ತಪ್ಪಿದರೆ ಈ ಮೆಷೀನು ಬತ್ತಿದ ಬಾವಿ ಥರ ಸುಮ್ಮನೆ ಕೂರುತ್ತೆ."

"ಟೈಪ್ ಮಾಡು ಅಂದ್ರೆ ಮಾಡ್ತಿದ್ದೆ. ಮೂಲಕ್ಕೆ ಸರಿಯಾಗಿದೆ ಅಂತ ಸಹಿ ಕೇಳ್ತಿದಾರೆ. ಸರಿಯಾಗಿಲ್ಲ."

"ನಿಮಗೂ ಮೊದಲು ಅನುಮಾನ ಬಂದಿತ್ತಂತಲ್ಲ. ನೀವೇ ಅವಳನ್ನ ಕೇಳಿದ್ರಿ."

"ಬಂದಿತ್ತು. ಅದಕ್ಕೇ ಕೇಳಿದೆ. ಅವರು ಕೇಳಿದರಾ?"

ಅಂಗಡಿಯವನು ಸ್ವಲ್ಪ ಹೊತ್ತು ಜೆರಾಕ್ಸ್ ಮೆಷೀನಿನ ಮುಚ್ಚಳ ಒರೆಸಿದ. ಆಮೇಲೆ ಮುಖ ನೋಡದೆ ಹೇಳಿದ: "ಸಹಿ ಹಾಕದಿದ್ದರೆ ನಾಳೆಯಿಂದ ಸ್ವಲ್ಪ ದಿನ ಬರೋದು ಬೇಡ ಅಕ್ಕ."

ದೀರ್ಘಮ್ಮ ಕನ್ನಡಕದ ಡಬ್ಬಿ, ನಿಘಂಟು, ಎರಡು ಕೆಂಪು ಪೆನ್ಸಿಲ್, ಹುಡುಗಿಯ ಪೋಸ್ಟಿನ ಇಂಗ್ಲಿಷ್ ಅಕ್ಷರದ ಹಾಳೆ ಚೀಲಕ್ಕೆ ಹಾಕಿಕೊಂಡಳು. "ನಾಳೆಯಿಂದ ಯಾಕಪ್ಪ, ಇವತ್ತಿನಿಂದಲೇ ಆಗಲಿ" ಅಂದು ಮೆಟ್ಟಿಲಿಳಿದಳು. ಹೆದರಿಕೆಯೂ ಇತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಅವಳು ಬಹಳ ಕಡೆ ನೋಡಿದ್ದಳು. ಆದರೆ ಬರೆ ಹಾಕುವುದಕ್ಕೆ ಎಮ್ಮೆಯ ಬಾಯಿಂದಲೇ ಅಪ್ಪಣೆ ಬರೆಸಿಕೊಳ್ಳುವುದನ್ನು ನೋಡಿರಲಿಲ್ಲ.

ಮನೆಗೆ ಹೋಗಿ, ಇಂಗ್ಲಿಷ್ ಅಕ್ಷರದ ಆ ಹಾಳೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಬರೀ "ಅವಳು ನನಗೆ ಹಾಗಂದಳು" ಅಂದರೆ ವಿಚಾರಣೆಯವರು ಕೇಳುವುದಿಲ್ಲ ಎಂದು ಗೊತ್ತಿತ್ತು. ಬರೆದದ್ದೇ ಸಾಕ್ಷಿ ಹೇಳಬೇಕು. ಅನ್ನಕ್ಕಿಟ್ಟ ನೀರು ಕುದಿದು ಆರುತ್ತಿದ್ದರೂ ಎದ್ದೇಳದೆ ಒಂದೊಂದೇ ಮಾತನ್ನು ಬಾಯಲ್ಲಿ ತಿರುವಿ ನೋಡಿದಳು. ಮೂವತ್ತೈದು ವರ್ಷ ಬೇರೆಯವರ ತಪ್ಪು ಓದಿದವಳಿಗೆ ಒಂದು ಗೊತ್ತಿತ್ತು: ತಪ್ಪು ಬರೆಯುವವರು ಬಾಯಿಗೆ ಬಂದ ಹಾಗೆ ತಪ್ಪು ಬರೆಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ತಪ್ಪು ರೂಢಿ, ಅದನ್ನೇ ಮತ್ತೆ ಮತ್ತೆ ಮಾಡುತ್ತಾರೆ.

raje kelade hogilla. ರಜೆ ಕೇಳದೆ ಹೋಗಿಲ್ಲ. nija helade bittre. ನಿಜ ಹೇಳದೆ ಬಿಟ್ಟರೆ.

ಪೆನ್ಸಿಲ್ ತೆಗೆದು ಮೂರು ಮಾತಿಗೆ ಸುತ್ತು ಹಾಕಿದಳು. ಇಲ್ಲ ಅನ್ನುವ ಕಡೆ ಹುಡುಗಿ ನಡುವೆ ಒಂದು a ಇಟ್ಟಿದ್ದಳು. kelade, helade. ಮಾಡಿದೆ ಅನ್ನುವ ಕಡೆ a ಇರಲಿಲ್ಲ. helde. ಅದೇ ಹಾಳೆಯಲ್ಲಿ, ಅದೇ ಹೆಬ್ಬೆರಳಲ್ಲಿ, ಅದೇ ಕ್ರಿಯಾಪದವನ್ನು ಎರಡು ಥರ ಬರೆದಿದ್ದಳು. ಗುಮಾಸ್ತನ ಹಾಳೆಯಲ್ಲಿ ಕೊನೆಯ ವಾಕ್ಯಗಳು ಹಾರಿಹೋಗಿದ್ದು ಬೇಕೆಂದೋ ಸೋಮಾರಿತನದಿಂದಲೋ, ಅದು ದೀರ್ಘಮ್ಮನಿಗೆ ಗೊತ್ತಿಲ್ಲ. ಹಾರಿಹೋದದ್ದರಲ್ಲೇ helade ಇತ್ತು.

ಹುಡುಗಿಗೆ ಫೋನ್ ಮಾಡಿದಳು. "ಹಳೇ ಮೆಸೇಜ್ ಒಂದನ್ನೂ ಅಳಿಸಬೇಡ. ಗುರುವಾರ ನಾನೂ ಬರ್ತೀನಿ."

"ನಿಮಗ್ಯಾಕಮ್ಮ ತೊಂದರೆ? ಕೆಲಸ ಬಿಡಿಸಿದರಂತೆ."

"ಬಿಡಿಸಲಿಲ್ಲ, ನಾನು ಬಿಟ್ಟೆ. ನೋಡು, ಇಲ್ಲೂ ಒಂದಕ್ಷರದ ವ್ಯತ್ಯಾಸ."

ವಿಚಾರಣೆ ಆಸ್ಪತ್ರೆಯ ಎರಡನೇ ಮಹಡಿಯ ಮೀಟಿಂಗ್ ರೂಮಿನಲ್ಲಿ. ಉದ್ದನೆಯ ಮೇಜು, ಸದ್ದು ಮಾಡುವ ಫ್ಯಾನು, ಗೋಡೆಯ ಮೇಲೆ ಕೈ ತೊಳೆಯುವುದು ಹೇಗೆ ಎಂಬ ಚಿತ್ರ. ಮೇಜಿನ ಆ ಕಡೆ ಮೂವರು: ಆಡಳಿತಾಧಿಕಾರಿ, ಒಬ್ಬ ಡಾಕ್ಟರು, ಹೊರಗಿನ ಸದಸ್ಯೆಯಾಗಿ ಬಂದಿದ್ದ ಒಬ್ಬ ನಿವೃತ್ತ ಕಾರ್ಮಿಕ ಅಧಿಕಾರಿ. ಆಕೆಗೆ ಎಪ್ಪತ್ತರ ಹತ್ತಿರ ವಯಸ್ಸು, ಮಾತು ಕಡಿಮೆ. ಸೂಪರ್‌ವೈಸರ್ ಗೋಡೆಗೆ ಒರಗಿ ನಿಂತಿದ್ದ. ಜೊತೆಗೆ ಒಬ್ಬರನ್ನು ಕರೆತರಲು ಕೆಲಸದವರಿಗೆ ಅವಕಾಶವಿತ್ತು. ಹುಡುಗಿ ದೀರ್ಘಮ್ಮನ ಹೆಸರು ಬರೆಸಿದಳು.

ಆಡಳಿತಾಧಿಕಾರಿ ಗುಮಾಸ್ತನ ಪ್ರತಿಯನ್ನು ಗಟ್ಟಿಯಾಗಿ ಓದಿದರು. ಸಹಿ ಇಲ್ಲದೆಯೇ ಟೈಪಾಗಿ ಬಂದಿತ್ತು. "ಸೂಪರ್‌ವೈಸರ್‌ಗೆ ಹೇಳದೆ ವಾಲ್ವ್ ಮುಟ್ಟಿದೆ. ಇವಳದೇ ಮಾತು. ಇನ್ನೇನು ವಿಚಾರಿಸೋದಿದೆ?"

ಹುಡುಗಿ ದೀರ್ಘಮ್ಮನ ಕಡೆ ತಿರುಗಿದಳು. ದೀರ್ಘಮ್ಮ ಎದ್ದು ನಿಂತಳು.

"ಸಾರ್, ಇದು ಅವಳ ಮಾತಲ್ಲ. ಅವಳ ಮಾತಿನ ಮೇಲೆ ಯಾರೋ ಹೊದಿಸಿದ ಬಟ್ಟೆ. ಮೂಲ ನನ್ನ ಹತ್ರ ಇದೆ."

"ನೀವು ಯಾರು? ವಕೀಲರಾ?"

"ಅಲ್ಲ. ಕರಡು ತಿದ್ದೋಳು."

ಡಾಕ್ಟರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ದೀರ್ಘಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಮೂವರ ಮುಂದೆಯೂ ಒಂದೊಂದು ಹಾಳೆ ಇಟ್ಟಳು. ಮೂರು ಕೆಂಪು ಸುತ್ತು ಎದ್ದು ಕಾಣುತ್ತಿತ್ತು. kelade ಎಂದರೆ ಏನು, helade ಎಂದರೆ ಏನು, helde ಎಂದರೆ ಏನು, ನಿಧಾನವಾಗಿ, ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟ ಹಾಗೆ ಬಿಡಿಸಿ ಹೇಳಿದಳು.

"ಅಮ್ಮಾ," ಅಂದರು ಆಡಳಿತಾಧಿಕಾರಿ, "ನೆಟ್ಟಗೆ ಕಾಗುಣಿತ ಬಾರದವಳ ಬರಹದಲ್ಲಿ ನೀವು ವ್ಯಾಕರಣ ಹುಡುಕ್ತಿದೀರಿ. ಒಂದು a ಬಿದ್ದುಹೋಗಿರಬಹುದು. ಎಡಗೈಲಿ ಒತ್ತಿದ್ದಂತೆ."

"ಬಿದ್ದುಹೋಗಿರಬಹುದು ಸಾರ್. ಹಾಗಾದರೆ ಹಿಂದೆ ಬಲಗೈ ನೆಟ್ಟಗಿದ್ದಾಗ ಹೇಗೆ ಬರೆದಿದಾಳೆ ನೋಡಿಬಿಡೋಣ. ಗುಂಪಲ್ಲಿ ಎರಡು ವರ್ಷದ ಮೆಸೇಜ್ ಇದೆ. ಅದನ್ನ ನಾನೂ ತಿದ್ದೋಕಾಗಲ್ಲ, ನೀವೂ ತಿದ್ದೋಕಾಗಲ್ಲ."

ಹೊರಗಿನ ಸದಸ್ಯೆ ಕೈ ಚಾಚಿದರು. ಹುಡುಗಿ ಫೋನು ಕೊಟ್ಟಳು. ಅವರು ಹುಡುಕುವ ಜಾಗದಲ್ಲಿ ತಾವೇ ಒಂದೊಂದೇ ಅಕ್ಷರ ಒತ್ತಿದರು. ಆಮೇಲೆ ಓದತೊಡಗಿದರು.

"'ninge avatte helde alva akka.' ನಿನಗೆ ಅವತ್ತೇ ಹೇಳಿದೆ ಅಲ್ವಾ ಅಕ್ಕ. 'yargu helade banbidu.' ಯಾರಿಗೂ ಹೇಳದೆ ಬಂದುಬಿಡು. 'uta madade malagbeda.' ಊಟ ಮಾಡದೆ ಮಲಗಬೇಡ. 'agle uta madde.' ಆಗಲೇ ಊಟ ಮಾಡಿದೆ." ಒಂದು ಕಡೆ ನಿಂತು, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. ಅದು ಸುಡುವುದಕ್ಕೆ ಒಂಬತ್ತು ದಿನ ಮುಂಚಿನ ಮೆಸೇಜು. "'valve soratide supervisorge helde nodana andru.'"

"ಇದನ್ನ ಹೇಗೆ ಓದ್ತೀರಿ?" ಅಂತ ಸದಸ್ಯೆ ಸೂಪರ್‌ವೈಸರ್ ಕಡೆ ತಿರುಗಿದರು. "ಹೇಳದೆಯೇ ನೋಡೋಣ ಅಂದ್ರಾ ನೀವು?"

ಸೂಪರ್‌ವೈಸರ್ ಗೋಡೆ ಬಿಟ್ಟು ನೆಟ್ಟಗೆ ನಿಂತ. "ಮೇಡಂ, ದಿನಾ ಹತ್ತು ಜನ ಹತ್ತು ಹೇಳ್ತಾರೆ. ಎಲ್ಲ ನೆನಪಿರುತ್ತಾ?"

"ಹಾಗಾದರೆ ಹೇಳಿದಳು" ಅಂದರು ಸದಸ್ಯೆ, ಮತ್ತು ಬರೆದುಕೊಂಡರು.

ದೀರ್ಘಮ್ಮ ಕೂತಳು. ಕೂತ ಮೇಲೆ ಹುಡುಗಿ ಎದ್ದಳು. ವಾಲ್ವಿನ ಬಗ್ಗೆ, ಆವಿಯ ಬಗ್ಗೆ, ಕೈಗವಸು ಕೇಳಿ ಕೇಳಿ ಸಾಕಾದದ್ದರ ಬಗ್ಗೆ, ಹಾಳೆ ನೋಡದೆ, ಯಾರೂ ತಿದ್ದಬೇಕಾಗದ ಕನ್ನಡದಲ್ಲಿ ಕಾಲು ಗಂಟೆ ಮಾತಾಡಿದಳು. ದೀರ್ಘಮ್ಮ ಪೆನ್ಸಿಲನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಎಲ್ಲವೂ ಹೂವೆತ್ತಿದಷ್ಟು ಸುಲಭವಾಗಿ ಆಗಲಿಲ್ಲ. ವರದಿ ಬರಲು ಮೂರು ವಾರ ಹಿಡಿಯಿತು. ಪೋಸ್ಟನ್ನು ತಪ್ಪೊಪ್ಪಿಗೆ ಎಂದು ತೆಗೆದುಕೊಳ್ಳುವ ಹಾಗಿಲ್ಲ, ಮುಂಚಿತವಾಗಿ ತಿಳಿಸಿದ್ದು ನಿಜ, ಚಿಕಿತ್ಸೆ ಆಸ್ಪತ್ರೆಯದೇ ಹೊಣೆ ಎಂದಿತ್ತು. ವಾಲ್ವ್ ಬದಲಾಯಿತು. ಹುಡುಗಿ ಕೆಲಸಕ್ಕೆ ಮರಳಿದಳು, ಮೆಷೀನಿನ ಕಡೆ ಅಲ್ಲ, ಬಟ್ಟೆ ಮಡಿಸುವ ಕಡೆ. ಎರಡು ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ. ಸೂಪರ್‌ವೈಸರ್ ಬೇರೆ ವಿಭಾಗಕ್ಕೆ ಹೋದ, ಅದಕ್ಕಿಂತ ಹೆಚ್ಚಿನದೇನೂ ಅವನಿಗೆ ಆಗಲಿಲ್ಲ. ಆಸ್ಪತ್ರೆಯ ಅಚ್ಚಿನ ಕೆಲಸ ಬೇರೆ ಅಂಗಡಿಗೆ ಹೋಯಿತು. ಅಂಗಡಿಯವನು ದೀರ್ಘಮ್ಮನನ್ನು ರಸ್ತೆಯಲ್ಲಿ ಕಂಡರೆ ಫೋನ್ ನೋಡಿಕೊಂಡು ನಡೆಯುತ್ತಿದ್ದ. ಅವಳಿಗೆ ಅದು ನೋವಾಯಿತು, ಸುಳ್ಳೇಕೆ. ಆದರೆ ಹೋಗಿ ಕ್ಷಮೆ ಕೇಳಲಿಲ್ಲ, ಕೇಳುವಂಥದ್ದು ಏನೂ ಮಾಡಿರಲಿಲ್ಲ.

ಅವಳ ತಂಗಿಗೆ ಅಲ್ಲೇ ಎರಡು ಬೀದಿ ಆಚೆ ಒಂದು ಹೊಲಿಗೆ ಅಂಗಡಿ. ಅದರ ಮುಂದಿನ ಮೂಲೆಯಲ್ಲಿ, ಬಟ್ಟೆಯ ಚೂರುಗಳ ಮೂಟೆ ಸರಿಸಿ, ದೀರ್ಘಮ್ಮ ಒಂದು ಮೇಜು ಹಾಕಿಕೊಂಡಳು. ರಟ್ಟಿನ ಮೇಲೆ ಕೈಯಾರೆ ಬರೆದು ತೂಗುಹಾಕಿದಳು: "ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಕನ್ನಡ ಅಕ್ಷರಕ್ಕೆ ತಿದ್ದಿ ಕೊಡಲಾಗುವುದು. ಅರ್ಥ ಬದಲಾಯಿಸಿ ಕೊಡಲಾಗುವುದಿಲ್ಲ."

"ಎರಡನೇದು ಯಾಕೆ ಅಕ್ಕ, ಗಿರಾಕಿ ಹೆದರಿಕೊಳ್ತಾರೆ" ಅಂದಳು ತಂಗಿ.

"ಹೆದರಿಕೊಳ್ಳೋರು ಬರೋದು ಬೇಡ."

ಮೊದಲ ವಾರ ಇಬ್ಬರು ಬಂದರು. ಎರಡನೇ ವಾರ ಲಾಂಡ್ರಿಯಿಂದಲೇ ನಾಲ್ವರು. ಆಮೇಲೆ ಬಸ್ಸು ತೊಳೆಯುವವರು, ಮನೆಗೆಲಸದವರು, ಶಾಲೆಯ ಮೇಷ್ಟರೊಬ್ಬರೂ ಬಂದರು. ಎಲ್ಲರ ಫೋನಿನಲ್ಲೂ ಒಂದೊಂದು ಥರದ ತಪ್ಪು. ಎಲ್ಲರಿಗೂ ಅವಳದು ಒಂದೇ ಪ್ರಶ್ನೆ: "ನೀವು ಹೇಳಬೇಕು ಅಂದುಕೊಂಡಿದ್ದು ಏನು? ಬಾಯಲ್ಲಿ ಹೇಳಿ."

ಒಂದು ದಿನ ಆಡಳಿತ ಕಚೇರಿಯಿಂದ ಅವಳ ಹೆಸರಿಗೆ ಒಂದು ಲಕೋಟೆ ಬಂತು. ಲಾಂಡ್ರಿ ನೌಕರಳ ಮೂಲ ಬರಹ ಗೊಂದಲಮಯವಾಗಿತ್ತು, ಎರಡೂ ಅರ್ಥಕ್ಕೆ ಅವಕಾಶವಿತ್ತು, ಆದ್ದರಿಂದ ಕಚೇರಿಯ ಪ್ರತಿ ಉದ್ದೇಶಪೂರ್ವಕವಾದುದಲ್ಲ ಎಂದು ದೃಢೀಕರಿಸಿ ಸಹಿ ಮಾಡಿ ಕಳಿಸಬೇಕೆಂದು ಕೋರಿಕೆ. ತಂಗಿ ಕತ್ತರಿ ಕೆಳಗಿಟ್ಟು ಕೇಳಿದಳು, "ಹಾಕಿಬಿಡು, ಇದರಲ್ಲೇನಿದೆ? ನಿನಗೂ ಮೊದಲು ಗೊಂದಲ ಆಗಿತ್ತಲ್ಲ."

"ಒಂದು ವಾಕ್ಯ ಗೊಂದಲ ಇತ್ತು. ಪೂರ್ತಿ ಓದಿದ್ದರೆ ಬಗೆಹರೀತಿತ್ತು. ಅವರು ಪೂರ್ತಿ ಓದಲಿಲ್ಲ. ಅದನ್ನ ಬರೆದು ಕಳಿಸಲಿ, ಸಹಿ ಹಾಕ್ತೀನಿ."

ಕಾಗದವನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದಳು. 'ದೃಡೀಕರಿಸಿ' ಅಂತಿತ್ತು, ಮಹಾಪ್ರಾಣ ಇರಲಿಲ್ಲ. 'ಉದ್ದೇಶ' ಒತ್ತಿಲ್ಲದೆ 'ಉದೇಶ' ಆಗಿತ್ತು. 'ಕೋರಿಕೆ'ಯ ದೀರ್ಘ ಹಾರಿಹೋಗಿತ್ತು. ಕೆಂಪು ಪೆನ್ಸಿಲ್ ತೆಗೆದು ಮೂರನ್ನೂ ತಿದ್ದಿ, ಅಂಚಿನಲ್ಲಿ ಗುರುತು ಹಾಕಿ, ಸಹಿಯ ಜಾಗವನ್ನು ಖಾಲಿ ಬಿಟ್ಟು, ಅದೇ ಲಕೋಟೆಯಲ್ಲಿ ವಾಪಸ್ ಕಳಿಸಿದಳು.